ಆದಾಯ ತೆರಿಗೆ ಪೋರ್ಟಲ್ ಲಾಕ್ ಆಗಿದೆ, ಹಳೇ ಮೊಬೈಲ್ ನಂಬರೂ ಇಲ್ಲ: ಒಳಗೆ ಹೋಗುವುದು ಹೇಗೆ?

ಇದು ಜೂನ್, ಜುಲೈ ಬಂತೆಂದರೆ ಮಂಡ್ಯದಲ್ಲೂ ಮೈಸೂರಿನಲ್ಲೂ ತಪ್ಪದೇ ಬರುವ ತಾಪತ್ರಯ. ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ಪೋರ್ಟಲ್. ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಮಗ ಒಂದು ಹಾಕಿ ನೋಡುತ್ತಾನೆ, ಮೊಮ್ಮಗಳು ಇನ್ನೊಂದು ಹಾಕಿ ನೋಡುತ್ತಾಳೆ, ಕೊನೆಗೆ ಖಾತೆ ಲಾಕ್. ಸರಿ, ಒಟಿಪಿ ತರಿಸೋಣ ಅಂದರೆ ಅದು ಹೋಗುವುದು ಯಾವತ್ತೋ ರೀಚಾರ್ಜ್ ಮಾಡದೆ ಸತ್ತುಹೋದ ಸಿಮ್‌ಗೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಲಾಕ್ ಆಗಿರುವುದು ಚಿಕ್ಕದು. ಅದು ಸಾಮಾನ್ಯವಾಗಿ ಅರ್ಧ ಗಂಟೆ ಸುಮ್ನೆ ಬಿಟ್ಟರೆ ತಾನಾಗಿ ತೆರೆದುಕೊಳ್ಳುತ್ತದೆ. ನಂಬರ್ ಬದಲಾಗಿರುವುದೇ ನಿಜವಾದ ತೊಂದರೆ. ಜನ ಇದನ್ನು ಉಲ್ಟಾ ತಿಳಿದುಕೊಂಡು ಲಾಕ್ ಬಿಡಿಸುವುದಕ್ಕೇ ದಿನಗಟ್ಟಲೆ ಒದ್ದಾಡುತ್ತಾರೆ. ಬಿಡಿಸಿಕೊಂಡ ಮೇಲೂ ಪಾಸ್‌ವರ್ಡ್ ಗೊತ್ತಿಲ್ಲ, ಅಲ್ವಾ? ಮತ್ತೆ ಊಹೆ ಮಾಡುತ್ತಾರೆ, ಮತ್ತೆ ಲಾಕ್.

ಹಾಗಾಗಿ ಲಾಕ್ ಆಯಿತು ಅಂದ ತಕ್ಷಣ ಕೈ ತೆಗೆಯಿರಿ. ಬ್ರೌಸರ್‌ನಲ್ಲಿ ಹಳೇ ಪಾಸ್‌ವರ್ಡ್ ಉಳಿದುಕೊಂಡಿದ್ದರೆ ಅದನ್ನೂ ಅಳಿಸಿ. ಎಷ್ಟೋ ಸಲ ನಾವು ಸರಿಯಾಗೇ ಟೈಪ್ ಮಾಡಿರುತ್ತೇವೆ, ಬ್ರೌಸರ್ ತಾನೇ ಹಳೆಯದನ್ನು ತುಂಬಿರುತ್ತದೆ. ಫೋನ್‌ನಲ್ಲಿ ಟೈಪ್ ಮಾಡುವಾಗ ಮೊದಲ ಅಕ್ಷರ ತಾನಾಗಿ ದೊಡ್ಡಕ್ಷರ ಆಗುವುದೂ ಉಂಟು.

## ಮೂರು ನಂಬರ್ ಬರೆದುಕೊಳ್ಳಿ

"ನನ್ನ ನಂಬರ್ ಬದಲಾಗಿದೆ" ಅನ್ನುವುದು ಅರ್ಧ ಮಾತು. ಎಲ್ಲಿ ಬದಲಾಗಿದೆ? ನಿಮ್ಮ ಮೊಬೈಲ್ ನಂಬರ್ ಮೂರು ಕಡೆ ಬೇರೆ ಬೇರೆಯಾಗಿ ದಾಖಲಾಗಿರುತ್ತದೆ: ತೆರಿಗೆ ಪೋರ್ಟಲ್‌ನಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು. ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆ ತಾನಾಗಿ ಬದಲಾಗುವುದಿಲ್ಲ. ಈ ಮೂರರಲ್ಲಿ ಒಂದು ಈಗ ನಿಮ್ಮ ಕೈಯಲ್ಲಿರುವ ನಂಬರ್ ಆಗಿದ್ದರೂ ಒಳಗೆ ಹೋಗಲು ದಾರಿ ಇದೆ. ಅದಕ್ಕೇ ಬೇರೇನೂ ಮಾಡುವ ಮೊದಲು ಒಂದು ಹಾಳೆ ತಗೊಂಡು ಮೂರನ್ನೂ ಬರೆದುಕೊಳ್ಳಿ.

ಪೋರ್ಟಲ್ ನಂಬರ್ ಯಾವುದು ಅಂತ ನೋಡಲು `incometax.gov.in` ತೆರೆದು, Login ಒತ್ತಿ, ಯೂಸರ್ ಐಡಿ ಜಾಗದಲ್ಲಿ ಪ್ಯಾನ್ ಹಾಕಿ ಮುಂದೆ ಹೋಗಿ. ಪಾಸ್‌ವರ್ಡ್ ಕೇಳುವ ಪುಟದಲ್ಲಿ Forgot Password? ಒತ್ತಿ. ಅಲ್ಲಿ e-Filing OTP ಆಯ್ಕೆಗೆ ಹೋದರೆ ದಾಖಲಾಗಿರುವ ಮೊಬೈಲ್ ಮತ್ತು ಇಮೇಲ್ ಅರ್ಧ ಮುಚ್ಚಿದಂತೆ ಕಾಣುತ್ತವೆ. ಕೊನೆಯ ಕೆಲವು ಅಂಕಿ ಸಾಕು, ಯಾವ ನಂಬರ್ ಅಂತ ಗೊತ್ತಾಗುತ್ತದೆ. ಇಮೇಲ್ ಕಡೆಗೂ ಕಣ್ಣು ಹಾಯಿಸಿ. ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ನೋಡಲು `myaadhaar.uidai.gov.in` ತೆರೆದು Check Aadhaar Validity ನೋಡಿ. ಲಾಗಿನ್ ಬೇಡ, ಒಟಿಪಿಯೂ ಬೇಡ. ಆಧಾರ್ ಸಂಖ್ಯೆ ಹಾಕಿದರೆ ಜೋಡಣೆಯಾಗಿರುವ ಮೊಬೈಲ್‌ನ ಕೊನೆಯ ಮೂರು ಅಂಕಿ ತೋರಿಸುತ್ತದೆ.

ಬ್ಯಾಂಕ್ ನಂಬರ್ ಹುಡುಕುವ ಕಷ್ಟ ಇಲ್ಲ. ಹಣ ಜಮಾ ಆದಾಗ ಎಸ್ಸೆಮ್ಮೆಸ್ ಯಾವ ಫೋನಿಗೆ ಬರುತ್ತದೋ ಅದೇ. ಎಲ್ಲಿಗೂ ಬರುತ್ತಿಲ್ಲ ಅಂದರೆ ಅದೂ ಹಳೆಯದು ಅಂತಲೇ ಲೆಕ್ಕ.

## ಹಳೇ ನಂಬರ್ ನಿಜವಾಗಿಯೂ ಹೋಗಿದೆಯಾ?

ಸಿಮ್ ಕಳೆದಿದೆ ಅಥವಾ ಹಾಳಾಗಿದೆ, ಆದರೆ ನಂಬರ್ ಇನ್ನೂ ನಿಮ್ಮ ಹೆಸರಿನಲ್ಲೇ ಇದೆ ಅಂದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಡ. ಆಧಾರ್ ಕಾರ್ಡ್ ಹಿಡಿದುಕೊಂಡು ಆ ಕಂಪನಿಯ ಮಳಿಗೆಗೆ ಹೋಗಿ ಅದೇ ನಂಬರಿಗೆ ಹೊಸ ಸಿಮ್ ತಗೊಳ್ಳಿ. ಒಂದು ಮಾತು ನೆನಪಿಡಿ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ವಂಚನೆ ತಡೆಯಲು ಇರುವ ನಿಯಮ ಅದು. ಕರೆ ಬರುತ್ತದೆ, ಒಟಿಪಿ ಬರುವುದಿಲ್ಲ. ಇದು ಗೊತ್ತಿಲ್ಲದೆ "ಪೋರ್ಟಲ್ ಕೆಟ್ಟಿದೆ" ಅಂತ ಹತ್ತು ಸಲ ಒಟಿಪಿ ಒತ್ತುವವರು ಜಾಸ್ತಿ.

ಪ್ರೀಪೇಯ್ಡ್ ನಂಬರ್ 90 ದಿನ ಬಳಸದೆ ಬಿಟ್ಟಿದ್ದರೆ ಕತೆ ಬೇರೆ. ಕಂಪನಿ ಅದನ್ನು ನಿಲ್ಲಿಸಬಹುದು, ನಿಲ್ಲಿಸಿದ ಮೇಲೆ ಸ್ವಲ್ಪ ಕಾಲ ಬಿಟ್ಟು ಬೇರೆಯವರಿಗೂ ಕೊಡಬಹುದು. ಹಳೇ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಿ. ಯಾರೋ ಹಿಂದಿಯಲ್ಲಿ ಹಲೋ ಅಂದರೆ ಅದು ಇನ್ನು ನಿಮ್ಮದಲ್ಲ. ಆಗ ಬೇಗ ಮಾಡುವುದು ಒಳ್ಳೆಯದು, ಏಕೆಂದರೆ ನಿಮ್ಮ ಒಟಿಪಿ ಈಗ ಅವರ ಫೋನಿಗೆ ಹೋಗುತ್ತಿದೆ. ಅವರಿಗೇ ಫೋನ್ ಮಾಡಿ ಒಟಿಪಿ ಹೇಳಿ ಅಂತ ಕೇಳಲು ಹೋಗಬೇಡಿ. ಅವರು ನಿಮ್ಮನ್ನು ಮೋಸಗಾರ ಅಂದುಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

## ಯಾವ ನಂಬರ್ ಜೀವಂತ, ಆ ದಾರಿ

ಪೋರ್ಟಲ್‌ನಲ್ಲಿರುವ ಇಮೇಲ್ ನಿಮ್ಮದೇ ಆಗಿದ್ದು ಈಗಲೂ ತೆರೆಯುತ್ತದೆ ಅಂದರೆ ಮೊದಲು e-Filing OTP ಹಾಕಿ ನೋಡಿ. ಒಟಿಪಿ ಮೊಬೈಲಿಗೆ ಹೋದಂತೆ ಇಮೇಲ್‌ಗೂ ಹೋಗುತ್ತದೆ. ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ಅದನ್ನು ಪೋರ್ಟಲ್ ಒಪ್ಪಿಕೊಂಡರೆ ಅಲ್ಲಿಗೆ ದೊಡ್ಡ ಕೆಲಸ ಮುಗಿಯಿತು. ಒಟಿಪಿ ಆರು ಅಂಕಿಯದು, 15 ನಿಮಿಷ ಮಾತ್ರ ನಡೆಯುತ್ತದೆ, ತಪ್ಪಿಲ್ಲದೆ ಹಾಕಲು ಮೂರು ಅವಕಾಶ. ಎರಡು ಸಲ ಒಟಿಪಿ ತರಿಸಿದ್ದರೆ ಕೊನೆಯದನ್ನೇ ಹಾಕಿ.

ಆಧಾರ್‌ಗೆ ಹೊಸ ನಂಬರ್ ಜೋಡಣೆಯಾಗಿದೆ ಅಂದರೆ ಎಲ್ಲಕ್ಕಿಂತ ಸುಲಭ. Forgot Password? ಒತ್ತಿ, ಪ್ಯಾನ್ ಹಾಕಿ, OTP on mobile number registered with Aadhaar ಆರಿಸಿ. ಒಟಿಪಿ ಆಧಾರ್‌ನಲ್ಲಿರುವ ನಂಬರಿಗೆ ಬರುತ್ತದೆ, ಪೋರ್ಟಲ್‌ನಲ್ಲಿರುವ ಹಳೇ ನಂಬರಿಗೆ ಸಂಬಂಧವೇ ಇಲ್ಲ. ಒಂದೇ ಷರತ್ತು, ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಿರಬೇಕು. ಆಗಿದೆಯಾ ಇಲ್ಲವಾ ಅಂತ ಮುಖಪುಟದಲ್ಲೇ Link Aadhaar Status ಒತ್ತಿ ನೋಡಬಹುದು, ಲಾಗಿನ್ ಬೇಡ.

ಆಧಾರೂ ಹಳೇ ನಂಬರ್, ಪೋರ್ಟಲ್ಲೂ ಹಳೇ ನಂಬರ್, ಆದರೆ ಬ್ಯಾಂಕಿನಲ್ಲಿ ಹೊಸದು ಇದೆ ಅಂದರೆ ನೆಟ್ ಬ್ಯಾಂಕಿಂಗ್ ದಾರಿ. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಲಾಗಿನ್ ಪುಟದ ಕೆಳಗೆ Other ways to access your account ಅಂತ ಇರುತ್ತದೆ, ಅದರಲ್ಲಿ Net Banking. ಬ್ಯಾಂಕ್ ಆರಿಸಿದರೆ ಆ ಬ್ಯಾಂಕಿನ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ನೆಟ್ ಬ್ಯಾಂಕಿಂಗ್‌ಗೆ ಲಾಗಿನ್ ಆಗಿ, ಆದಾಯ ತೆರಿಗೆ ಇ-ಫೈಲಿಂಗ್ ಲಿಂಕ್ ಒತ್ತಿದರೆ ಪೋರ್ಟಲ್ ಪಾಸ್‌ವರ್ಡ್ ಕೇಳದೆಯೇ ನಿಮ್ಮ ಡ್ಯಾಶ್‌ಬೋರ್ಡ್ ತೆರೆಯುತ್ತದೆ. ನೀವು ಯಾರು ಅಂತ ಬ್ಯಾಂಕ್ ಈಗಾಗಲೇ ಪರೀಕ್ಷಿಸಿದೆ, ಆ ನಂಬಿಕೆಯ ಮೇಲೆ ಪೋರ್ಟಲ್ ಒಳಗೆ ಬಿಡುತ್ತದೆ. ಆದರೆ ಖಾತೆಗೆ ನಿಮ್ಮ ಪ್ಯಾನ್ ಸೇರಿರಬೇಕು, ಮತ್ತು ಬ್ಯಾಂಕ್ ಆ ಪಟ್ಟಿಯಲ್ಲಿ ಇರಬೇಕು. ಊರಿನ ಸಹಕಾರಿ ಸಂಘದ ಪಾಸ್‌ಬುಕ್ ಒಂದೇ ಇರುವವರಿಗೆ ಈ ದಾರಿ ಸಿಗುವುದು ಕಷ್ಟ.

ಡಿಜಿಟಲ್ ಸಹಿ ಇರುವವರಿಗೆ ಅದನ್ನು ಹಾಕಿಯೂ ಪಾಸ್‌ವರ್ಡ್ ಬದಲಿಸುವ ಆಯ್ಕೆ ಇದೆ. ಪಿಂಚಣಿದಾರರು, ಸಂಬಳದವರು ಇದಕ್ಕೆಂದೇ ದುಡ್ಡು ಕೊಟ್ಟು ಮಾಡಿಸುವ ಅಗತ್ಯ ಇಲ್ಲ.

## ಮೂರೂ ಹಳೆಯದೇ ಆಗಿದ್ದಾಗ: ಮಂಡ್ಯದ ಮೇಷ್ಟ್ರ ಕತೆ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರದ್ದು ಇದೇ ಪರಿಸ್ಥಿತಿ. ಪಿಂಚಣಿ ಬರುತ್ತದೆ, ಬ್ಯಾಂಕಿನಲ್ಲಿ ಒಂದಷ್ಟು ಎಫ್‌ಡಿ ಇದೆ, ಅದರ ಬಡ್ಡಿಗೆ ಟಿಡಿಎಸ್ ಕಡಿದಿದ್ದಾರೆ, ರಿಟರ್ನ್ ಹಾಕಿದರೆ ರೀಫಂಡ್ ಬರಬೇಕು. ಪಾಸ್‌ವರ್ಡ್ ಗೊತ್ತಿಲ್ಲ. ಮೊಮ್ಮಗ ಊರ ಹೆಸರು, ಹುಟ್ಟಿದ ವರ್ಷ, ಎಲ್ಲ ಸೇರಿಸಿ ಹಾಕಿ ಲಾಕ್ ಮಾಡಿಬಿಟ್ಟಿದ್ದ.

"ನೋಡಪ್ಪಾ, ನಾನು ಇದಕ್ಕೆ ಯಾವತ್ತೂ ಫೋನ್ ನಂಬರೇ ಕೊಟ್ಟಿಲ್ಲ" ಅಂದರು ಮೇಷ್ಟ್ರು.

ಅವರು ಹೇಳಿದ್ದು ನಿಜ. ಪೋರ್ಟಲ್‌ನಲ್ಲಿ ಅರ್ಧ ಮುಚ್ಚಿ ತೋರಿಸಿದ ನಂಬರ್ ಮನೆಯವರು ಯಾರದ್ದೂ ಅಲ್ಲ. ಇಮೇಲ್ ಕೂಡ ಅಪರಿಚಿತ. ಹಿಂದೆ ರಿಟರ್ನ್ ಹಾಕಿಕೊಡುತ್ತಿದ್ದವರು ತಮ್ಮದೇ ನಂಬರ್, ತಮ್ಮದೇ ಇಮೇಲ್ ಕೊಟ್ಟು ನೋಂದಣಿ ಮಾಡಿದ್ದರು, ಈಗ ಅವರ ಪತ್ತೆ ಇಲ್ಲ. ಇದು ತುಂಬಾ ಸಾಮಾನ್ಯ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ನೋಡಿಕೊಳ್ಳಿ.

ಆಧಾರ್ ನೋಡಿದರೆ ಕೊನೆಯ ಮೂರು ಅಂಕಿ ಅವರ ಹಳೇ ಕೀಪ್ಯಾಡ್ ಫೋನಿನದು. ಆ ನಂಬರ್ ನಿಂತುಹೋಗಿತ್ತು. ಬ್ಯಾಂಕಿನಲ್ಲೂ ಅದೇ ನಂಬರ್. ಅಂದರೆ ಮೂರೂ ಸತ್ತಿವೆ. ಹೀಗಿದ್ದಾಗ ಯಾವುದನ್ನು ಮೊದಲು ಸರಿಮಾಡಬೇಕು ಅನ್ನುವುದೇ ಪ್ರಶ್ನೆ.

ಬ್ಯಾಂಕ್ ಮೊದಲು ಅನ್ನುತ್ತೇನೆ ನಾನು. ಆಧಾರ್ ನಂಬರ್ ಬದಲಾವಣೆ ಕೆಲವೊಮ್ಮೆ ಬೇಗ ಆಗುತ್ತದೆ, ಕೆಲವೊಮ್ಮೆ ವಾರಗಟ್ಟಲೆ ಕಾಯಿಸುತ್ತದೆ, ನಮ್ಮ ಕೈಯಲ್ಲಿಲ್ಲ. ಪಿಂಚಣಿ ಬರುವ ಶಾಖೆಯಲ್ಲಿ ಮುಖ ಪರಿಚಯ ಇರುತ್ತದೆ, ಪಾಸ್‌ಬುಕ್ ಇರುತ್ತದೆ, ಸಹಿ ಇರುತ್ತದೆ. ಮೇಷ್ಟ್ರು ಮೊಬೈಲ್ ನಂಬರ್ ಬದಲಾವಣೆ ಅರ್ಜಿ ತುಂಬಿ, ಆಧಾರ್ ಮತ್ತು ಪ್ಯಾನ್ ಜೆರಾಕ್ಸ್ ಮೇಲೆ ಸಹಿ ಹಾಕಿ ಕೊಟ್ಟರು. ಅಲ್ಲೇ ಇನ್ನೊಂದು ವಿಷಯ ಕೇಳಿಸಿದೆವು: ಖಾತೆಗೆ ಪ್ಯಾನ್ ಸೇರಿದೆಯಾ? ಇದನ್ನು ಮನೆಯಲ್ಲೇ ಊಹಿಸಲೂ ಒಂದು ಉಪಾಯ ಇದೆ. ಎಫ್‌ಡಿ ಬಡ್ಡಿಗೆ 10 ಶೇಕಡಾ ಟಿಡಿಎಸ್ ಕಡಿದಿದ್ದರೆ ಬ್ಯಾಂಕಿನ ಹತ್ತಿರ ಪ್ಯಾನ್ ಇದೆ ಅಂತ ಅರ್ಥ. 20 ಶೇಕಡಾ ಕಡಿದಿದ್ದರೆ ಪ್ಯಾನ್ ಸೇರಿಲ್ಲ ಅನ್ನುವ ಅನುಮಾನ ಪಡಬೇಕು. ಹಾಗಿದ್ದರೆ ಅದೇ ದಿನ ಅದನ್ನೂ ಸೇರಿಸಿಬಿಡಿ, ಇಲ್ಲದಿದ್ದರೆ ನೆಟ್ ಬ್ಯಾಂಕಿಂಗ್ ತೆರೆದರೂ ಪೋರ್ಟಲ್‌ಗೆ ದಾಟಲು ಬಿಡುವುದಿಲ್ಲ.

ಬ್ಯಾಂಕಿನಿಂದ ಹೊಸ ನಂಬರಿಗೆ ಎಸ್ಸೆಮ್ಮೆಸ್ ಬಂತು ಅಂದರೆ ಬದಲಾವಣೆ ಕೂತಿದೆ. ಅದಕ್ಕೆ ಮೊದಲು ನೆಟ್ ಬ್ಯಾಂಕಿಂಗ್‌ಗೆ ಕೈ ಹಾಕಬೇಡಿ. ಮೇಷ್ಟ್ರ ಹತ್ತಿರ ಎಟಿಎಂ ಕಾರ್ಡ್ ಇದ್ದದ್ದರಿಂದ ನೆಟ್ ಬ್ಯಾಂಕಿಂಗ್ ನೋಂದಣಿ ಮನೆಯಲ್ಲೇ ಆಯಿತು. ಕಾರ್ಡ್ ಇಲ್ಲದವರು ಶಾಖೆಯಲ್ಲೇ ಅದನ್ನೂ ಕೇಳಿಕೊಳ್ಳಬೇಕು. ಆಮೇಲೆ ಮೇಲೆ ಹೇಳಿದ ದಾರಿಯಲ್ಲೇ ಪೋರ್ಟಲ್‌ಗೆ ಹೋದೆವು. ಫೋನ್ ಆಪ್‌ನಲ್ಲಿ ತಡಕಾಡಬೇಡಿ, ಕಂಪ್ಯೂಟರಿನ ಬ್ರೌಸರ್‌ನಲ್ಲಿ ಮಾಡಿ.

## ಒಳಗೆ ಹೋದ ಮೇಲೆ ಮೊದಲ ಕೆಲಸ ರಿಟರ್ನ್ ಅಲ್ಲ

ಇಲ್ಲಿ ಎಲ್ಲರೂ ಖುಷಿಯಾಗಿ ನೇರ ರಿಟರ್ನ್ ಹಾಕಲು ಹೋಗುತ್ತಾರೆ. ಬೇಡ. ಮೊದಲು My Profile ತೆರೆದು Contact Details ಪಕ್ಕದ Edit ಒತ್ತಿ. ಮೊಬೈಲ್ ಮತ್ತು ಇಮೇಲ್ ಎರಡನ್ನೂ ಬದಲಿಸಿ. ಹೊಸ ನಂಬರಿಗೂ ಹೊಸ ಇಮೇಲ್‌ಗೂ ಒಟಿಪಿ ಬರುತ್ತದೆ, ಎರಡೂ ಪಕ್ಕದಲ್ಲಿ ತೆರೆದಿರಲಿ. ಇಮೇಲ್ ಬಿಟ್ಟು ಬರೀ ನಂಬರ್ ಬದಲಿಸಿದರೆ ಇಲಾಖೆಯ ನೋಟಿಸ್ ಆ ಹಳೇ ಅಪರಿಚಿತ ಇಮೇಲ್‌ಗೇ ಹೋಗುತ್ತಿರುತ್ತದೆ.

ಆಮೇಲೆ ಪಾಸ್‌ವರ್ಡ್. ಒಳಗಿರುವ Change Password ಹಳೇ ಪಾಸ್‌ವರ್ಡ್ ಕೇಳುತ್ತದೆ, ಅದು ನಮಗೆ ಗೊತ್ತಿಲ್ಲ. ಅದಕ್ಕೇ ಲಾಗೌಟ್ ಆಗಿ, ಹೊರಗಿನಿಂದ Forgot Password? ಒತ್ತಿ, ಈ ಸಲ e-Filing OTP ಆರಿಸಿ. ಈಗ ಒಟಿಪಿ ನಿಮ್ಮ ಹೊಸ ನಂಬರಿಗೆ ಬರುತ್ತದೆ. ಪಾಸ್‌ವರ್ಡ್ 8ರಿಂದ 14 ಅಕ್ಷರದ ಒಳಗಿರಬೇಕು, ಅದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಬೇಕು. 14 ದಾಟಿದರೆ ತೆಗೆದುಕೊಳ್ಳುವುದಿಲ್ಲ, ಉದ್ದ ಪಾಸ್‌ವರ್ಡ್ ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ. ಅದನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಬರೆದಿಡಬಾರದು ಅಂತ ಹೇಳುವವರಿದ್ದಾರೆ, ಆದರೆ ಎಪ್ಪತ್ತು ದಾಟಿದವರ ಮನೆಯ ಬೀರುವಿನಲ್ಲಿರುವ ಡೈರಿಗಿಂತ ಯಾರದ್ದೋ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಪಾಸ್‌ವರ್ಡ್ ಅಪಾಯ.

ಹೊಸ ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡದಿದ್ದರೆ e-Filing Vault Higher Security ನೆನಪಿಸಿಕೊಳ್ಳಿ. ಯಾರಾದರೂ ಹಿಂದೆ ಅದನ್ನು ಆನ್ ಮಾಡಿದ್ದರೆ, ಅವರು ಆರಿಸಿದ ವಿಧಾನದಲ್ಲಿ ಮಾತ್ರ ಲಾಗಿನ್ ಆಗುತ್ತದೆ. ಆ ವಿಧಾನದಲ್ಲೇ ಒಳಗೆ ಹೋಗಿ ಪ್ರೊಫೈಲ್‌ನಲ್ಲಿ ನೋಡಿ, ಬೇಡವಾದರೆ ತೆಗೆಯಿರಿ.

## ಆಧಾರ್ ನಂಬರ್ ಬಿಡಬೇಡಿ

ಬ್ಯಾಂಕ್ ದಾರಿಯಲ್ಲಿ ಕೆಲಸ ಆಯಿತಲ್ಲ ಅಂತ ಆಧಾರ್ ಮರೆತರೆ ಮುಂದಿನ ವರ್ಷ ಮತ್ತೆ ಇದೇ ಗೋಳು. ಆಧಾರ್ ಕೇಂದ್ರಕ್ಕೆ ಆಧಾರ್ ಕಾರ್ಡ್ ಮತ್ತು ಹೊಸ ಫೋನ್ ತಗೊಂಡು ಹೋದರೆ ಸಾಕು, ಮೊಬೈಲ್ ನಂಬರ್ ಬದಲಿಸಲು ಬೇರೆ ದಾಖಲೆ ಕೇಳುವುದಿಲ್ಲ. ಬೆರಳಚ್ಚು ಕೊಡಬೇಕು. ಶುಲ್ಕ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಹಲವು ಅಂಚೆ ಕಚೇರಿಗಳಲ್ಲಿ, ಬ್ಯಾಂಕ್ ಶಾಖೆಗಳಲ್ಲಿ ಈ ಕೌಂಟರ್ ಇದೆ. ನಡೆಯಲಾಗದ ಹಿರಿಯರಿಗೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡುವ ಸೌಲಭ್ಯವೂ ಇದೆ, ನಿಮ್ಮ ಬಡಾವಣೆಯ ಪೋಸ್ಟ್‌ಮ್ಯಾನ್‌ನನ್ನೇ ಕೇಳಿ. ಕೊಟ್ಟ ಚೀಟಿ ಎಸೆಯಬೇಡಿ, ಅದರ ಸಂಖ್ಯೆಯಿಂದಲೇ ಬದಲಾವಣೆ ಎಲ್ಲಿಗೆ ಬಂತು ಅಂತ ನೋಡಬೇಕು. ಮೇಷ್ಟ್ರ ಬೆರಳಚ್ಚು ಮೊದಲ ಸಲ ಹಿಡಿಯಲಿಲ್ಲ. ವಯಸ್ಸಾದವರಿಗೆ, ಗದ್ದೆ ಕೆಲಸ ಮಾಡಿದವರಿಗೆ ಹೀಗಾಗುತ್ತದೆ. ಕೈ ತೊಳೆದು ಒರೆಸಿ ಬೇರೆ ಬೆರಳು ಇಡಿಸಿ, ಇಲ್ಲವೇ ಕಣ್ಣಿನ ಪಾಪೆ ತೆಗೆಯಲು ಹೇಳಿ.

## ಯಾವ ದಾರಿಯೂ ನಡೆಯದಿದ್ದರೆ

ಆಗ ಇ-ಫೈಲಿಂಗ್ ಸಹಾಯವಾಣಿ: `1800 103 0025` ಅಥವಾ `1800 419 0025`. ಅವರು ಫೋನ್‌ನಲ್ಲಿ ಪಾಸ್‌ವರ್ಡ್ ಕೊಡುವುದಿಲ್ಲ, ದಾರಿ ಹೇಳುತ್ತಾರೆ. ಕೊನೆಯ ಉಪಾಯ ಇಮೇಲ್. ನಿಮ್ಮ ಸ್ವಂತ ಇಮೇಲ್‌ನಿಂದ `efilingwebmanager@incometax.gov.in` ಗೆ ಬರೆಯಿರಿ. ಜೊತೆಗೆ ಪ್ಯಾನ್ ಪ್ರತಿ, ಫೋಟೊ ಇರುವ ಒಂದು ಗುರುತಿನ ಚೀಟಿ, ವಿಳಾಸದ ದಾಖಲೆ, ಮತ್ತು ಏಕೆ ಪಾಸ್‌ವರ್ಡ್ ಬದಲಿಸಲು ಆಗುತ್ತಿಲ್ಲ ಅಂತ ಸಹಿ ಹಾಕಿದ ಪತ್ರ. ಪತ್ರದಲ್ಲಿ ನೇರವಾಗಿ ಬರೆಯಿರಿ: ಪೋರ್ಟಲ್‌ನಲ್ಲಿರುವ ನಂಬರ್ ನಿಂತಿದೆ, ಇಮೇಲ್ ನನ್ನದಲ್ಲ, ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಾವಣೆ ಬಾಕಿ ಇದೆ, ನೆಟ್ ಬ್ಯಾಂಕಿಂಗ್ ಇಲ್ಲ. ಪತ್ರವನ್ನು ಫೋನ್‌ನಲ್ಲಿ ಫೋಟೊ ತೆಗೆದರೆ ನೆರಳು ಬೀಳದಂತೆ ನೋಡಿಕೊಳ್ಳಿ, ಪ್ಯಾನ್ ಅಕ್ಷರ ಓದಲಾಗಬೇಕು.

ಊರಿನ ತೆರಿಗೆ ಕಚೇರಿಗೆ ಅಲೆಯುವುದರಿಂದ ಪಾಸ್‌ವರ್ಡ್ ಸಿಗುವುದಿಲ್ಲ. ಪ್ಯಾನ್ ತಿದ್ದುಪಡಿ ಅರ್ಜಿ ಹಾಕಿದರೂ ಪೋರ್ಟಲ್‌ನ ನಂಬರ್ ತಾನಾಗಿ ಬದಲಾಗುವುದಿಲ್ಲ, ಅವೆರಡು ಬೇರೆ ದಾಖಲೆ. ಕೆಲವು ಸೈಬರ್ ಅಂಗಡಿಯವರು "ಹೊಸ ಪ್ಯಾನ್ ಮಾಡಿಸಿಬಿಡಿ ಸಾರ್, ಸುಲಭ" ಅನ್ನುತ್ತಾರೆ. ಖಂಡಿತ ಬೇಡ. ಒಬ್ಬರ ಹೆಸರಿನಲ್ಲಿ ಎರಡು ಪ್ಯಾನ್ ಇದ್ದರೆ 10,000 ರೂಪಾಯಿ ದಂಡ ಬೀಳಬಹುದು. ಹುಡುಕಾಟದಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರ್‌ಗಳಿಗೂ ಕರೆ ಮಾಡಬೇಡಿ.

## ರಿಟರ್ನ್ ಹಾಕುವ ಮೊದಲು ಇನ್ನೊಂದು ನೋಟ

ಪ್ರೊಫೈಲ್‌ನಲ್ಲಿ My Bank Account ತೆರೆಯಿರಿ. ನಂಬರ್ ಬದಲಿಸಿದ ಮೇಲೆ ಬ್ಯಾಂಕಿನ ನಂಬರೂ ಪೋರ್ಟಲ್ ನಂಬರೂ ಒಂದೇ ಇಲ್ಲದಿದ್ದರೆ ರಿಟರ್ನ್ ನಿಮ್ಮದೇ ಅಂತ ದೃಢಪಡಿಸುವ ಇವಿಸಿ ಕೋಡ್ ಬ್ಯಾಂಕ್ ಖಾತೆಯ ಮೂಲಕ ಬರುವುದಿಲ್ಲ. ಎಚ್ಚರಿಕೆಯ ಗುರುತು ಕಂಡರೆ ಖಾತೆಯನ್ನು ಮತ್ತೆ Re-validate ಮಾಡಿ. ಮೇಷ್ಟ್ರದ್ದು ಹಾಗೆ ಮಾಡಿದ ಮೇಲೆ ಸರಿಹೋಯಿತು. ಇದು ಏಕೆ ಮುಖ್ಯ ಅಂದರೆ, ರಿಟರ್ನ್ ಕಳಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು, ಅದಕ್ಕೆ ಆಧಾರ್ ಒಟಿಪಿ ಇಲ್ಲವೇ ಬ್ಯಾಂಕ್ ಇವಿಸಿ ಬೇಕು. ಆಧಾರ್ ನಂಬರ್ ಇನ್ನೂ ಬದಲಾಗಿರದಿದ್ದರೆ ಬ್ಯಾಂಕ್ ಇವಿಸಿ ಅಥವಾ ಅದೇ ನೆಟ್ ಬ್ಯಾಂಕಿಂಗ್ ದಾರಿಯಲ್ಲೇ ವೆರಿಫೈ ಮಾಡಿ. ರೀಫಂಡ್ ಬೀಳುವುದೂ ಈ ವ್ಯಾಲಿಡೇಟ್ ಆದ ಖಾತೆಗೇ.